ದೀರ್ಘ ಭಾಷಣದ ಟ್ರಾನ್ಸ್‌ಕ್ರಿಪ್ಟ್‌ನಿಂದ ಬಿಡಿ ಪೋಸ್ಟ್‌ಗಳು: ಚುಟುಕಾಗಿಸಿದರೆ ಅರ್ಥ ಕೆಡುತ್ತಿದೆ, ಅರ್ಥ ಉಳಿಸಿದರೆ ಉದ್ದವಾಗುತ್ತಿದೆ

ಶ್ರುತಲೇಖಕಿ

ತಂತ್ರಜ್ಞಾನ ಸಮ್ಮೇಳನವೊಂದರಲ್ಲಿ ನಡೆದ 45 ನಿಮಿಷಗಳ ಭಾಷಣದ ಟ್ರಾನ್ಸ್‌ಕ್ರಿಪ್ಟ್ ನನ್ನ ಬಳಿ ಇದೆ. ಬ್ಯಾಕಪ್ ಇಟ್ಟುಕೊಂಡಿದ್ದರೂ ಸಂಸ್ಥೆಗಳು ದತ್ತಾಂಶವನ್ನು ಏಕೆ ಕಳೆದುಕೊಳ್ಳುತ್ತವೆ ಎಂಬುದು ಅದರ ವಿಷಯ. ಭಾಷಣವನ್ನು ಕೇಳದವರೂ ಓದಿ ಅರ್ಥ ಮಾಡಿಕೊಳ್ಳುವಂತಹ ನಾಲ್ಕೈದು ಬಿಡಿ ಪೋಸ್ಟ್‌ಗಳನ್ನು ಅದರಿಂದ ಸಿದ್ಧಪಡಿಸಬೇಕಾಗಿದೆ. ನಾನು ಪರಿಣಾಮಕಾರಿ ಎನಿಸಿದ ವಾಕ್ಯಗಳನ್ನು ಗುರುತು ಹಾಕಿ, ಕತ್ತರಿಸಿ, ಸ್ವಲ್ಪ ತಿದ್ದಿ ಭಾಷಣಕಾರರಿಗೆ ಕಳುಹಿಸಿದೆ. ಅವರು ಒಂದನ್ನು ‘ನಾನು ಹೇಳಿದ್ದು ಇದಲ್ಲ’ ಎಂದು ಹಿಂದಿರುಗಿಸಿದರು. ಎಲ್ಲವನ್ನೂ ಓದಿದ ಸಹೋದ್ಯೋಗಿಯೊಬ್ಬರು ‘ಯಾರ ವಿಷಯ ಇದು?’ ಎಂದು ಕೇಳಿದರು.

ಭಾಷಣಕಾರರು ಹಿಂದಿರುಗಿಸಿದ ಪೋಸ್ಟ್‌ಗೆ ಆಧಾರವಾದ ಟ್ರಾನ್ಸ್‌ಕ್ರಿಪ್ಟ್‌ನ ಭಾಗ ಹೀಗಿದೆ:

> ಹಾಗಾಗಿ, ಆಗಲೇ ಹೇಳಿದ ಹಾಗೆ, ಒಂದಲ್ಲ, ಐದು ವಿಧಾನ ಇಟ್ಟುಕೊಂಡಿದ್ದರು. ಐದು! ಈ ಚಿತ್ರ ನೋಡಿ. ಒಂದೂ ಕೆಲಸಕ್ಕೆ ಬರಲಿಲ್ಲ. ಆರು ಗಂಟೆಯ ಡೇಟಾ ಹೋಯಿತು. ಬ್ಯಾಕಪ್ ಇದೆ ಅನ್ನೋದು ಬರೀ ನಂಬಿಕೆ. ವಾಪಸ್ ತಂದು ನೋಡಿದಾಗಲೇ ಅದು ಬ್ಯಾಕಪ್.

ನಾನು ಬರೆದದ್ದು: ‘ಐದು ಬ್ಯಾಕಪ್ ಇದ್ದವು. ಒಂದೂ ಕೆಲಸಕ್ಕೆ ಬರಲಿಲ್ಲ. ಡೇಟಾ ಹೋಯಿತು!’ ಇದರಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನು ದಯವಿಟ್ಟು ತಿಳಿಸಿ.

ನೇರನುಡಿ

ಟ್ರಾನ್ಸ್‌ಕ್ರಿಪ್ಟ್ ಓದುವುದನ್ನು ಬಿಟ್ಟು ವೀಡಿಯೊ ನೋಡಿ. ಸಭಿಕರು ಎಲ್ಲಿ ನಕ್ಕರು, ಎಲ್ಲಿ ಚಪ್ಪಾಳೆ ತಟ್ಟಿದರು ಎಂಬ ಸಮಯವನ್ನು ಗುರುತಿಸಿಕೊಂಡು, ಆ ಕ್ಷಣಕ್ಕೆ ಮೊದಲಿನ ಎರಡು ವಾಕ್ಯಗಳನ್ನು ಹಾಗೆಯೇ ಎತ್ತಿಕೊಳ್ಳಿ. ಜನರಿಗೆ ತಟ್ಟಿದ್ದು ಯಾವುದು ಎಂಬುದನ್ನು ಸಭೆಯೇ ತೀರ್ಮಾನಿಸಿರುತ್ತದೆ. ಬಿಡಿಯಾಗಿ ಅರ್ಥವಾಗದಿದ್ದರೆ ಏಳೆಂಟು ಪೋಸ್ಟ್‌ಗಳ ಸರಣಿ ಮಾಡಿ, ಮೊದಲನೆಯದರಲ್ಲಿ ಹಿನ್ನೆಲೆಯನ್ನು ಕೊಟ್ಟರೆ ಸಾಕು.

ಅಂಚುಟಿಪ್ಪಣಿ

ನೇರನುಡಿಯವರ ಮೊದಲ ಮಾತನ್ನು ಒಪ್ಪುತ್ತೇನೆ: ಸಭೆಯ ಪ್ರತಿಕ್ರಿಯೆ ಒಳ್ಳೆಯ ಸುಳಿವು. ಆದರೆ ಸಭೆ ನಕ್ಕದ್ದು ವಾಕ್ಯಕ್ಕೋ, ಪರದೆಯ ಮೇಲಿನ ಚಿತ್ರಕ್ಕೋ, ‘ಐದು!’ ಎಂದು ಎರಡನೆಯ ಸಲ ಹೇಳುವ ಮೊದಲು ಭಾಷಣಕಾರರು ಕೊಟ್ಟ ಬಿಡುವಿಗೋ ಎಂಬುದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುವುದಿಲ್ಲ. ಚಿತ್ರ ಮತ್ತು ಬಿಡುವು ಎರಡೂ ಪೋಸ್ಟ್‌ಗೆ ಬರುವುದಿಲ್ಲವಾದ್ದರಿಂದ, ಹಾಗೆಯೇ ಎತ್ತಿದ ವಾಕ್ಯ ಹಲವು ಬಾರಿ ಸಪ್ಪೆಯಾಗುತ್ತದೆ. ಸರಣಿಯ ಸಲಹೆಯೂ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಸರಣಿಯ ಮೂರನೆಯ ಪೋಸ್ಟನ್ನು ಯಾರಾದರೂ ಹಂಚಿಕೊಂಡರೆ ಅದು ಮೊದಲನೆಯದರಿಂದ ಬೇರ್ಪಟ್ಟೇ ಓದುಗರ ಮುಂದೆ ಬರುತ್ತದೆ.

ಶ್ರುತಲೇಖಕಿಯವರೇ, ನಿಮ್ಮ ಕರಡಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿವೆ. ಸಹೋದ್ಯೋಗಿಯ ಪ್ರಶ್ನೆ ಒಂದನ್ನು ತೋರಿಸುತ್ತದೆ, ಭಾಷಣಕಾರರ ಆಕ್ಷೇಪ ಇನ್ನೊಂದನ್ನು.

ಮೊದಲನೆಯದು, ಹೆಸರು ಹಿಂದೆಯೇ ಉಳಿದುಹೋಗಿರುವುದು. ‘ಈ ಚಿತ್ರ’, ‘ಆಗಲೇ ಹೇಳಿದ ಹಾಗೆ’, ‘ಕಳೆದ ವರ್ಷ’ ಮುಂತಾದವು ಕಣ್ಣಿಗೆ ಬೀಳುತ್ತವೆ. ಅವನ್ನು ತೆಗೆಯುವುದು ಸುಲಭ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದ ವಾಕ್ಯವನ್ನು ನಡೆಸಿಕೊಂಡು ಹೋಗುವುದರಿಂದ, ‘ಇಟ್ಟುಕೊಂಡಿದ್ದರು’ ಎಂಬ ಮಾತು ಪೂರ್ಣವಾಗಿಯೇ ಕಾಣುತ್ತದೆ, ಯಾರು ಎಂಬುದು ಹತ್ತು ನಿಮಿಷ ಹಿಂದೆ ಬಂದಿದ್ದರೂ ನಮಗೆ ಕೊರತೆ ತೋರುವುದಿಲ್ಲ. ಆದ್ದರಿಂದ ಪ್ರತಿಯೊಂದು ಕ್ರಿಯಾಪದದ ಬಳಿಯೂ ನಿಂತು ‘ಯಾರು? ಯಾವುದು? ಯಾವಾಗ?’ ಎಂದು ಕೇಳಿ, ಉತ್ತರವನ್ನು ಟ್ರಾನ್ಸ್‌ಕ್ರಿಪ್ಟ್‌ನ ಹಿಂದಿನ ಪುಟಗಳಿಂದ ತಂದು ಅಂಚಿನಲ್ಲಿ ಬರೆದುಕೊಳ್ಳಿ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಭಾಷಣಕಾರರು ಒಂದು ಮಾತನ್ನು ಒಂದು ಕಡೆ ಜೋರಾಗಿ ಹೇಳಿ, ಅದರ ಮಿತಿಯನ್ನು ಇನ್ನೊಂದು ಕಡೆ ಮೆಲ್ಲಗೆ ಹೇಳಿರುತ್ತಾರೆ. ಕೇಳುಗರು ಎರಡನ್ನೂ ಕೇಳಿರುತ್ತಾರೆ. ಪೋಸ್ಟ್ ಓದುವವರಿಗೆ ಮೊದಲನೆಯದು ಮಾತ್ರ ಸಿಗುತ್ತದೆ. ಮಿತಿ ಸಾಮಾನ್ಯವಾಗಿ ಮುಂದಿನ ಕೆಲವು ನಿಮಿಷಗಳಲ್ಲಿ ಅಥವಾ ಕೊನೆಯ ಪ್ರಶ್ನೋತ್ತರದಲ್ಲಿ ಇರುತ್ತದೆ. ‘ಸ್ಪಷ್ಟಪಡಿಸಬೇಕು’, ‘ಆದರೆ’, ‘ಎಲ್ಲ ಸಂದರ್ಭದಲ್ಲೂ ಅಲ್ಲ’ ಎಂಬಂತಹ ಮಾತುಗಳನ್ನು ಹುಡುಕಿ ನೋಡಿ. ಇದು, ಇತರರ ಕೋಡ್ ಅನ್ನು ಸಂಗ್ರಹಿಸಿಡುವ ಗಿಟ್‌ಲ್ಯಾಬ್ ಸಂಸ್ಥೆಯ ಡೇಟಾಬೇಸ್ 2017ರಲ್ಲಿ ಅಳಿಸಿಹೋದ ಘಟನೆಯ ವಿವರಣೆಯಂತೆ ತೋರುತ್ತಿದೆ. ಹೌದಾದರೆ, ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಅವರು ಎಲ್ಲಿಯೋ ಬಿಡಿಸಿ ಹೇಳಿರಲೇಬೇಕು.

ಮಿತಾಕ್ಷರ

ಅಕ್ಷರಮಿತಿಯ ತೊಂದರೆ ನನಗೂ ಎದುರಾಗಿದೆ. ಎಕ್ಸ್‌ನಲ್ಲಿ ಹಣ ಕೊಡದ ಖಾತೆಗಳಿಗೆ 280ರ ಮಿತಿ ಇದ್ದರೂ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕದಂತೆ ಅದು ನಡೆಯುವುದಿಲ್ಲ. ಒತ್ತಕ್ಷರ, ಸ್ವರಚಿಹ್ನೆ, ವಿರಾಮಚಿಹ್ನೆ ಎಲ್ಲವೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನಗಳು ಬೇಕು. ಕೊಂಡಿಯನ್ನು ಸೇರಿಸಿದರೆ ಅದು ಎಷ್ಟೇ ಉದ್ದವಿದ್ದರೂ 23 ಸ್ಥಾನಗಳೆಂದು ಲೆಕ್ಕವಾಗುತ್ತದೆ. ಹೀಗಾಗಿ ನಾನು ಸಂಯುಕ್ತಾಕ್ಷರ ಕಡಿಮೆ ಇರುವ ಪದಗಳನ್ನು ಆರಿಸಿಕೊಳ್ಳುತ್ತೇನೆ. ನಿಮ್ಮ ಪೋಸ್ಟ್ ಉದ್ದವಾಗುವುದಕ್ಕೂ ಇದೇ ಕಾರಣವಿರಬಹುದು.

ಶ್ರುತಲೇಖಕಿ

ಮಿತಾಕ್ಷರ ಅವರಿಗೆ ವಂದನೆಗಳು. ಎಣಿಕೆಯ ವಿಷಯ ಉಪಯುಕ್ತವಾಗಿದೆ, ಆದರೆ ನನ್ನ ಕರಡುಗಳು ಮಿತಿಗಿಂತ ಬಹಳ ಚಿಕ್ಕವಾಗಿಯೇ ಇವೆ. ತೊಂದರೆ ಇರುವುದು ಅರ್ಥದಲ್ಲಿ.

ಅಂಚುಟಿಪ್ಪಣಿಯವರ ಊಹೆ ಸರಿಯಾಗಿದೆ. ಸಂಸ್ಥೆಯ ಹೆಸರು ಮತ್ತು ದಿನಾಂಕ ಭಾಷಣದ ಆರಂಭದಲ್ಲಿವೆ. ನಾನು ಕತ್ತರಿಸಿದ ಭಾಗದ ನಂತರ, ಬೇರೊಂದು ವಿಷಯ ಮುಗಿದ ಮೇಲೆ, ಇದು ಸಿಕ್ಕಿತು:

> ಇನ್ನೊಂದು ಸ್ಪಷ್ಟಪಡಿಸಬೇಕು. ಕೋಡ್ ಹೋಗಲಿಲ್ಲ. ಹೋದದ್ದು ಡೇಟಾಬೇಸ್‌ನಲ್ಲಿದ್ದದ್ದು, ಕಾಮೆಂಟ್‌ಗಳು, ಹೊಸ ಖಾತೆಗಳು, ಅಂಥವು. ಅದೂ ಇಷ್ಟಕ್ಕೇ ನಿಂತದ್ದು ಏಕೆಂದರೆ ಒಬ್ಬ ಇಂಜಿನಿಯರ್ ಆರು ಗಂಟೆ ಮೊದಲು ಪರೀಕ್ಷೆಗೆ ಅಂತ ಒಂದು ಪ್ರತಿ ತೆಗೆದಿಟ್ಟಿದ್ದರು.

ಇದೆಲ್ಲವನ್ನೂ ಸೇರಿಸಿದರೆ ಪೋಸ್ಟಿನ ಬಿಗಿ ಉಳಿಯುವುದೇ ಎಂಬ ಅನುಮಾನ ನನಗಿದೆ.

ಅಂಚುಟಿಪ್ಪಣಿ

ಉಳಿಯುತ್ತದೆ, ಇಲ್ಲಿ ಅದು ಹೆಚ್ಚುತ್ತದೆ ಎಂದೇ ನನ್ನ ಅಭಿಪ್ರಾಯ. ನಿಮ್ಮ ಕರಡಿನಲ್ಲಿ ‘ಡೇಟಾ ಹೋಯಿತು’ ಎಂದಷ್ಟೇ ಇರುವುದರಿಂದ ಓದುಗರು ಎಲ್ಲವೂ ಹೋಯಿತೆಂದು ತಿಳಿಯುತ್ತಾರೆ. ಭಾಷಣಕಾರರು ಆಕ್ಷೇಪಿಸಿದ್ದು ಇದನ್ನೇ ಇರಬೇಕು. ಯೋಜಿಸಿ ಇಟ್ಟುಕೊಂಡಿದ್ದ ವಿಧಾನಗಳು ಕೈಕೊಟ್ಟವು, ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿ ಕಾಪಾಡಿತು ಎಂಬ ವೈದೃಶ್ಯ ಮಿತಿಯ ವಾಕ್ಯದಲ್ಲಿಯೇ ಅಡಗಿದೆ. ನಾನಾದರೆ ಹೀಗೆ ಬರೆಯುತ್ತೇನೆ:

> 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಪ್ರತಿ ಉಳಿಸುವ ಐದು ವಿಧಾನಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಉಳಿಸಿದ್ದು ಇಂಜಿನಿಯರ್ ಒಬ್ಬರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿ. ಕೋಡ್ ಉಳಿಯಿತು, ಆ ಆರು ಗಂಟೆಗಳ ಡೇಟಾಬೇಸ್ ದಾಖಲೆಗಳು ಹೋದವು.

ಮಿತಾಕ್ಷರ ಅವರ ಎಣಿಕೆಯಂತೆಯೂ ಇದು 280ರ ಒಳಗಿದೆ. ‘ಒಂದೂ ಕೆಲಸಕ್ಕೆ ಬರಲಿಲ್ಲ’ ಎಂಬುದನ್ನು ‘ಒಂದೂ ನೆಚ್ಚುವಂತಿರಲಿಲ್ಲ’ ಎಂದು ಬದಲಿಸಿದ್ದಕ್ಕೆ ಕಾರಣವಿದೆ: ಸಂಸ್ಥೆಯೇ ಅಂದು ಪ್ರಕಟಿಸಿದ ಟಿಪ್ಪಣಿಯ ಪ್ರಕಾರ, ಆ ಐದು ವಿಧಾನಗಳಲ್ಲಿ ಯಾವುದೂ ನಂಬಲರ್ಹವಾಗಿ ನಡೆಯುತ್ತಿರಲಿಲ್ಲ ಅಥವಾ ಸ್ಥಾಪನೆಯೇ ಆಗಿರಲಿಲ್ಲ. ಮಾತಿನ ಭರದಲ್ಲಿ ಸಲ್ಲುವ ಪದ ಬರಹದಲ್ಲಿ ಪ್ರಶ್ನೆಗೆ ಒಳಗಾಗುತ್ತದೆ.

‘ಬ್ಯಾಕಪ್ ಇದೆ ಅನ್ನೋದು ಬರೀ ನಂಬಿಕೆ’ ಎಂಬ ಮಾತನ್ನು ಇದಕ್ಕೆ ಸೇರಿಸಬೇಡಿ; ಅದು ಘಟನೆಯನ್ನು ಅವಲಂಬಿಸದ ಬೇರೆಯೇ ಪ್ರತಿಪಾದನೆಯಾದ್ದರಿಂದ ಅದಕ್ಕೆ ಬೇರೆ ಪೋಸ್ಟ್ ಸಲ್ಲಬೇಕು. ವಾಕ್ಯಗಳ ಬದಲು ಪ್ರತಿಪಾದನೆಗಳನ್ನು ಹುಡುಕುವುದು ಇಲ್ಲಿ ನಿಜವಾದ ಕೆಲಸ. ಕತ್ತರಿಯನ್ನು ದೂರವಿಟ್ಟು ಟ್ರಾನ್ಸ್‌ಕ್ರಿಪ್ಟನ್ನು ಒಮ್ಮೆ ಪೂರ್ತಿ ಓದಿ, ಯಾರಾದರೂ ‘ಇಲ್ಲ, ಹಾಗಲ್ಲ’ ಎಂದು ವಾದಿಸಬಹುದಾದ ಮಾತು ಬಂದಾಗಲೆಲ್ಲ ಅದನ್ನು ನಿಮ್ಮದೇ ಮಾತಿನಲ್ಲಿ ಒಂದು ಸಾಲಾಗಿ ಬರೆಯಿರಿ. ಸ್ವಾಗತ, ವಂದನೆ, ‘ಈಗ ಮುಂದಿನ ಭಾಗಕ್ಕೆ ಬರೋಣ’ ಎಂಬ ಸೇತುವಾಕ್ಯಗಳು ತಾವಾಗಿ ಉದುರಿಹೋಗುತ್ತವೆ. ಒಂದೇ ಪ್ರತಿಪಾದನೆ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ಮಾತುಗಳಲ್ಲಿ ಬಂದಿರುವುದೂ ಗೊತ್ತಾಗುತ್ತದೆ. ಅವನ್ನು ಒಟ್ಟುಗೂಡಿಸಿದರೆ 45 ನಿಮಿಷಗಳ ಭಾಷಣದಲ್ಲಿಯೂ ಕೈಬೆರಳೆಣಿಕೆಯಷ್ಟೇ ಉಳಿಯುವುದು ಸಾಮಾನ್ಯ. ಹಾಗೆ ಮರುಕಳಿಸಿದ ಮಾತಿನ ಅತ್ಯುತ್ತಮ ರೂಪ ಪ್ರಶ್ನೋತ್ತರದಲ್ಲಿಯೇ ಸಿಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಏಕೆಂದರೆ ಅಲ್ಲಿ ಭಾಷಣಕಾರರು ಪರದೆಯ ನೆರವಿಲ್ಲದೆ ಒಬ್ಬ ವ್ಯಕ್ತಿಗೆ ನೇರವಾಗಿ ಉತ್ತರಿಸುತ್ತಿರುತ್ತಾರೆ.

ನೇರನುಡಿ

ಪ್ರಶ್ನೋತ್ತರದ ಮಾತು ಸರಿ, ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ದಿನಾಂಕದಿಂದ ಆರಂಭವಾಗುವ ಪೋಸ್ಟನ್ನು ಓದುಗರು ದಾಟಿಕೊಂಡು ಹೋಗುತ್ತಾರೆ. ‘ಐದು ವಿಧಾನಗಳಿದ್ದವು, ಒಂದೂ ನೆಚ್ಚುವಂತಿರಲಿಲ್ಲ’ ಎಂಬುದೇ ಮೊದಲ ಸಾಲಾಗಬೇಕು.

ಅಂಚುಟಿಪ್ಪಣಿ

ಅದನ್ನು ಒಪ್ಪುತ್ತೇನೆ. ಮೊದಲ ಎರಡು ವಾಕ್ಯಗಳನ್ನು ಅದಲುಬದಲು ಮಾಡಿ, ಸಂಸ್ಥೆಯ ಹೆಸರನ್ನು ಮೊದಲ ವಾಕ್ಯಕ್ಕೆ ತಂದರೆ ಯಾವ ಸಂಗತಿಯೂ ಬಿಟ್ಟುಹೋಗುವುದಿಲ್ಲ: ‘ಗಿಟ್‌ಲ್ಯಾಬ್ ಬಳಿ ಪ್ರತಿ ಉಳಿಸುವ ಐದು ವಿಧಾನಗಳಿದ್ದವು, 2017ರ ಜನವರಿ 31ರಂದು ಮುಖ್ಯ ಡೇಟಾಬೇಸ್ ಅಳಿಸಿಹೋದಾಗ ಒಂದೂ ನೆಚ್ಚುವಂತಿರಲಿಲ್ಲ.’ ಉಳಿದದ್ದು ಹಾಗೆಯೇ ಇರಲಿ.

ಕಿವಿಗೊಟ್ಟವ

ಒಂದು ಎಚ್ಚರಿಕೆ. ಟ್ರಾನ್ಸ್‌ಕ್ರಿಪ್ಟ್ ಯಂತ್ರದಿಂದ ತಯಾರಾಗಿದ್ದರೆ ಸಂಖ್ಯೆ ಮತ್ತು ಹೆಸರುಗಳನ್ನು ಅದರ ಮೇಲೆ ಭರವಸೆಯಿಟ್ಟು ಬಳಸಬೇಡಿ. ‘ಆರು’ ಎಂಬುದು ‘ನೂರು’ ಎಂದು ದಾಖಲಾದರೂ ವಾಕ್ಯ ಅರ್ಥಪೂರ್ಣವಾಗಿಯೇ ಕಾಣುತ್ತದೆ, ಆದ್ದರಿಂದ ಕಣ್ಣು ಅದನ್ನು ಹಿಡಿಯುವುದಿಲ್ಲ. ಪೋಸ್ಟ್‌ಗೆ ಹೋಗುವ ಪ್ರತಿಯೊಂದು ಸಂಖ್ಯೆಯನ್ನೂ ಧ್ವನಿಮುದ್ರಣದ ಅದೇ ಜಾಗಕ್ಕೆ ಹೋಗಿ ಕೇಳಿ ಖಚಿತಪಡಿಸಿಕೊಳ್ಳಿ. ಪೋಸ್ಟ್‌ಗಳು ನಾಲ್ಕೈದೇ ಆದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಶ್ರುತಲೇಖಕಿ

ಹೊಸ ರೂಪವನ್ನು ಭಾಷಣ ಕೇಳದ ಅದೇ ಸಹೋದ್ಯೋಗಿಗೆ ತೋರಿಸಿದೆ. ಈ ಬಾರಿ ಅವರು ‘ಯಾರು’ ಎಂದು ಕೇಳಲಿಲ್ಲ. ಎರಡನೆಯ ಪೋಸ್ಟ್ ಹೀಗಿದೆ: ‘ಬ್ಯಾಕಪ್ ಇದೆ ಎಂಬುದು ನಂಬಿಕೆ. ಅದರಿಂದ ಒಂದು ಕಡತವನ್ನು ವಾಪಸ್ ತಂದು ತೆರೆದು ನೋಡಿದಾಗಲೇ ಅದು ಬ್ಯಾಕಪ್.’ ಇದನ್ನು ಭಾಷಣಕಾರರ ಹೆಸರಿನೊಂದಿಗೆ ಉದ್ಧರಣ ಚಿಹ್ನೆಯೊಳಗೆ ಹಾಕಬಹುದೇ? ‘ಕಡತ’ ಮತ್ತು ‘ತೆರೆದು’ ಎಂಬ ಪದಗಳು ನಾನು ಸೇರಿಸಿದವು.

ಅಂಚುಟಿಪ್ಪಣಿ

ನಾನು ಹಾಕುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ ಅವರ ಬಾಯಿಂದ ಬಂದ ಪದಗಳು ಮಾತ್ರ ಇರಬೇಕು. ತಡವರಿಕೆಯನ್ನು ಬಿಡಬಹುದು, ಪದವನ್ನು ಸೇರಿಸಬಾರದು. ಚಿಹ್ನೆಯನ್ನು ತೆಗೆದು ‘ಅವರ ವಾದ ಹೀಗಿದೆ’ ಎಂದು ಬರೆಯಿರಿ.

ಸಹೋದ್ಯೋಗಿಯ ಪರೀಕ್ಷೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ, ಪೋಸ್ಟನ್ನು ಮುಚ್ಚಿಟ್ಟು ಅದರಲ್ಲಿ ಏನಿತ್ತು ಎಂದು ಅವರ ಮಾತಿನಲ್ಲಿಯೇ ಹೇಳಿಸಿ. ಭಾಷಣಕಾರರು ಹೇಳಿದ್ದಕ್ಕಿಂತ ದೊಡ್ಡ ಮಾತನ್ನು ಅವರು ಹೇಳಿದರೆ, ಎಲ್ಲಿಯೋ ಒಂದು ಮಿತಿ ಬಿಟ್ಟುಹೋಗಿದೆ ಎಂದು ಅರ್ಥ.

ಕಿವಿಗೊಟ್ಟವ

ಉದ್ಧರಣದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಭಾಷಣಕಾರರು ತಿದ್ದಿದ ರೂಪವನ್ನು ಓದಿ ‘ಇದು ನನ್ನ ಮಾತೇ’ ಎಂದು ಲಿಖಿತವಾಗಿ ಒಪ್ಪಿದರೆ, ಅದು ಅವರ ಲಿಖಿತ ಹೇಳಿಕೆಯಾಗುತ್ತದೆ; ಚಿಹ್ನೆ ಹಾಕುವುದರಲ್ಲಿ ತಪ್ಪಿಲ್ಲ.

ಅಂಚುಟಿಪ್ಪಣಿ

ಹಾಗಾದರೆ ‘ಸಮ್ಮೇಳನದಲ್ಲಿ ಹೇಳಿದರು’ ಎಂದು ಮಾತ್ರ ಬರೆಯುವಂತಿಲ್ಲ, ಏಕೆಂದರೆ ವೀಡಿಯೊ ನೋಡಿದವರಿಗೆ ಆ ವಾಕ್ಯ ಅಲ್ಲಿ ಸಿಗುವುದಿಲ್ಲ. ಇದರಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರುವಂತೆ ಕಾಣುತ್ತಿಲ್ಲ. ಶ್ರುತಲೇಖಕಿಯವರೇ, ಚಿಹ್ನೆ ಇರುವ ಮತ್ತು ಇಲ್ಲದ ಎರಡೂ ರೂಪಗಳನ್ನು, ಎರಡೂ ಟ್ರಾನ್ಸ್‌ಕ್ರಿಪ್ಟ್ ಭಾಗಗಳ ಜೊತೆಗೆ ಭಾಷಣಕಾರರಿಗೆ ಕಳುಹಿಸಿ, ಅವರು ಯಾವುದನ್ನು ಆರಿಸುತ್ತಾರೆ ಎಂದು ನೋಡಿ.