ಸಹಾಯ ಬೇಕು: ಕೋಡ್ ಬರೆಯುತ್ತಾ ಮಾತಾಡುವುದು ಹೇಗೆ?

ನಿನ್ನೆ ಇಂಟರ್ವ್ಯೂನಲ್ಲಿ ಲೈವ್ ಕೋಡಿಂಗ್ ರೌಂಡ್ ಇತ್ತು. ಕೊಟ್ಟ ಪಟ್ಟಿಯಲ್ಲಿ ಕೂಡಿದರೆ 6 ಆಗುವ ಎರಡು ಸಂಖ್ಯೆಗಳ ಇಂಡೆಕ್ಸ್ ಹೇಳಬೇಕು, ಅಷ್ಟೇ. ನಾನು ಏನೂ ಕೇಳದೆ ಟೈಪ್ ಮಾಡಲು ಶುರು ಮಾಡಿದೆ, ಎಲ್ಲವನ್ನೂ ಮೊದಲು ಡಿಕ್ಷನರಿಗೆ ತುಂಬಿ ಆಮೇಲೆ ಒಂದೊಂದಕ್ಕೂ ಜೋಡಿ ಹುಡುಕಿದೆ. `[3, 2, 4]` ಕೊಟ್ಟು ನೋಡಿ ಎಂದರು ಇಂಟರ್ವ್ಯೂ ಮಾಡುತ್ತಿದ್ದವರು. ಬಂದ ಉತ್ತರ `[0, 0]`. ಒಂದೇ 3 ಎರಡು ಸಲ! "ಒಂದೇ ಇಂಡೆಕ್ಸ್ ಎರಡು ಸಲ ಬಳಸಬಹುದಾ?" ಅಂತ ಮೊದಲೇ ಕೇಳಬೇಕಿತ್ತು, ಅಲ್ವಾ.

ಮೊದಲು ಹುಡುಕಿ ಆಮೇಲೆ ತುಂಬಿದರೆ ಸರಿ ಅಂತ ಮನೆಗೆ ಬಂದ ಮೇಲೆ ಹೊಳೆಯಿತು: 3 ಬಂದಾಗ ಡಿಕ್ಷನರಿ ಖಾಲಿ, 2 ಬಂದಾಗ 4 ಇನ್ನೂ ಇಲ್ಲ, 4 ಬಂದಾಗ 2 ಸಿಗುತ್ತದೆ, ಉತ್ತರ `[1, 2]`.

ಇದನ್ನೇ ಬಾಯಿಬಿಟ್ಟು ಹೇಳಲು ಹೋದರೆ ನನ್ನ ಕೈ ನಿಂತುಬಿಡುತ್ತದೆ. ನೀವು ಪ್ರತಿ ಸಾಲಿಗೂ ಮಾತಾಡುತ್ತೀರಾ, ಇಲ್ಲ ವಿಧಾನ ಮೊದಲೇ ಹೇಳಿ ಲೂಪ್ ಬರೆಯುವಾಗ ಸುಮ್ನಿರುತ್ತೀರಾ?