ಪದಚರ್ಚೆ: ಕ್ಯಾನ್ ಬಸ್ಸಿನ ‘ಆರ್ಬಿಟ್ರೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಐಟಿಐ ಬೋಧಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ವಾಹನ ರಿಪೇರಿ ಮತ್ತು ಎಲೆಕ್ಟ್ರಿಷಿಯನ್ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಈಗ ಕ್ಯಾನ್ ಬಸ್ಸಿನ, ಅಂದರೆ ವಾಹನ ಮತ್ತು ಮಷೀನಿನ ಕಂಟ್ರೋಲರುಗಳು ಒಂದೇ ಜೋಡಿ ತಂತಿಯ ಮೇಲೆ ಸಂದೇಶ ಕಳಿಸಿಕೊಳ್ಳುವ ಜಾಲದ, ಪಾಠ ನಡೆದಿದೆ. ಬಸ್, ಫ್ರೇಮ್, ಬಿಟ್, ಐಡಿ ಇವನ್ನೆಲ್ಲ ಹಾಗೇ ಇಟ್ಟಿದ್ದೇನೆ, ಹುಡುಗರ ಬಾಯಲ್ಲಿ ಇರುವುದೂ ಅವೇ. ತೊಡಕಾಗಿರುವುದು ‘ಆರ್ಬಿಟ್ರೇಶನ್’. ಎರಡು ಕಂಟ್ರೋಲರುಗಳು ಒಂದೇ ಗಳಿಗೆಗೆ ಸಂದೇಶ ಶುರು ಮಾಡಿದಾಗ ಯಾವುದು ಮುಂದೆ ಹೋಗಬೇಕು ಅನ್ನುವುದು ಐಡಿಯ ಮೇಲೆ ನಿಕ್ಕಿಯಾಗುತ್ತದಲ್ಲ, ಅದಕ್ಕೆ. ನಿಘಂಟಿನಲ್ಲಿ ‘ಮಧ್ಯಸ್ಥಿಕೆ’ ಸಿಗುತ್ತದೆ. ಕರಡು ಓದಿದ ಹುಡುಗನೊಬ್ಬ, ‘ಮೇಡಂ, ಮಧ್ಯಸ್ಥ ಯಾವ ಡಬ್ಬಿಯೊಳಗ ಇರ್ತಾನ್ರಿ?’ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ.

ಜೊತೆಗೆ ಇನ್ನೊಂದು. ‘ಡಾಮಿನೆಂಟ್’, ‘ರಿಸೆಸಿವ್’ ಬಿಟ್ಟುಗಳಿಗೆ ಜೀವಶಾಸ್ತ್ರದ ಪಾಠದಿಂದ ‘ಪ್ರಬಲ’, ‘ಅಪ್ರಬಲ’ ತೆಗೆದುಕೊಳ್ಳಬಹುದೇ?

ನಿವೃತ್ತ ವಕೀಲರು, ಧಾರವಾಡ

ತಂಗೀ, ‘ಮಧ್ಯಸ್ಥಿಕೆ’ಯನ್ನು ಅಷ್ಟು ಸುಲಭವಾಗಿ ಬಿಡಬೇಡ. 1996ರ ಮಧ್ಯಸ್ಥಿಕೆ ಕಾಯ್ದೆ ಬಂದ ಮೇಲೆ ಕೋರ್ಟಿನಲ್ಲಿ ಅದು ಚೆನ್ನಾಗಿ ರೂಢವಾದ ಪದ. ಅದರ ತಿರುಳು ಇಷ್ಟೇ: ತಂಟೆ ಹುಟ್ಟುವ ಮೊದಲೇ ಎರಡೂ ಕಡೆಯವರು ಒಂದು ನಿಯಮಕ್ಕೆ ಒಪ್ಪಿರುತ್ತಾರೆ, ಆಮೇಲೆ ಬಂದ ತೀರ್ಮಾನಕ್ಕೆ ಬದ್ಧರಾಗುತ್ತಾರೆ. ನಿಮ್ಮ ಯಂತ್ರದಲ್ಲಿಯೂ ಐಡಿಯ ನಿಯಮ ಮೊದಲೇ ಗೊತ್ತಿರುತ್ತದೆ. ಮುಖ್ಯ ಕಂಟ್ರೋಲರ್ ಎಂದು ಒಂದು ಇದ್ದೇ ಇರುತ್ತದೆ, ಅದೇ ತೀರ್ಪು ಕೊಡುತ್ತಿರಬೇಕು. ಹುಡುಗನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಮೆಂಟೆನೆನ್ಸ್ ಎಂಜಿನಿಯರ್, ಹುಬ್ಬಳ್ಳಿ

ವಕೀಲ ಸಾಹೇಬರೇ, ನಿಯಮ ಮೊದಲೇ ಒಪ್ಪಿದ್ದು ಅನ್ನುವ ಮಾತು ಪೂರಾ ಸರಿ. ಆದರೆ ತೀರ್ಪು ಕೊಡುವವರು ಯಾರೂ ಇಲ್ಲ. ಮಷೀನಿನಲ್ಲಿ ಮುಖ್ಯ ಕಂಟ್ರೋಲರ್ ಆಗಿ ಪಿಎಲ್‌ಸಿ ಇರುತ್ತದೆ ನಿಜ. ಅದು ಮೋಟಾರಿಗೆ ಎಷ್ಟು ತಿರುಗಬೇಕು ಅಂತ ಹೇಳುತ್ತದೆ. ತಂತಿಯ ಮೇಲೆ ಈಗ ಯಾರು ಮಾತಾಡಬೇಕು ಅನ್ನುವ ವಿಷಯದಲ್ಲಿ ಮಾತ್ರ ಅದೂ ಎಲ್ಲರ ಹಾಗೆಯೇ ಒಂದು. ಅದರ ಸಂದೇಶದ ಐಡಿ ದೊಡ್ಡದಿದ್ದರೆ ಅದೂ ಹಿಂದೆ ಸರಿಯುತ್ತದೆ.

ಮೇಡಂ, ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಂಡರೆ ಒಂದನೆಯದು ತಾನೇ ಬಿಚ್ಚಿಕೊಳ್ಳುತ್ತದೆ. ಬಸ್ ಅಂದರೆ ಹೆಣೆದ ಎರಡು ತಂತಿ. ಯಾರೂ ಏನೂ ಮಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ, ಅದು 1. ಯಾವುದಾದರೂ ಒಂದು ಕಂಟ್ರೋಲರ್ ಒಂದು ತಂತಿಯನ್ನು 3.5ಕ್ಕೆ ಎತ್ತಿ ಇನ್ನೊಂದನ್ನು 1.5ಕ್ಕೆ ಇಳಿಸಿದರೆ ಅದು 0. ಅಂದರೆ 0 ಕಳಿಸುವವನು ತಂತಿಯನ್ನು ಎಳೆಯುತ್ತಾನೆ, 1 ಕಳಿಸುವವನು ಸುಮ್ಮನೆ ಬಿಟ್ಟಿರುತ್ತಾನೆ. ಹತ್ತು ಜನ ಬಿಟ್ಟು ಒಬ್ಬ ಎಳೆದರೂ ತಂತಿಯಲ್ಲಿ ಕಾಣುವುದು 0. ಹಾಗಾಗಿ ಡಾಮಿನೆಂಟ್ ಆದ 0ಕ್ಕೆ ‘ಎಳೆದ ಬಿಟ್’, ರಿಸೆಸಿವ್ ಆದ 1ಕ್ಕೆ ‘ಬಿಟ್ಟ ಬಿಟ್’ ಅಂದರೆ ಹುಡುಗರ ಕೈಗೆ ಹತ್ತುತ್ತದೆ. ‘ಅಪ್ರಬಲ’ ಅಂದರೆ ಕರೆಂಟ್ ಕಡಿಮೆ ಬರುತ್ತಿದೆ ಅಂದುಕೊಳ್ಳುತ್ತಾರೆ.

ಈಗ ಮೂರು ಸಂದೇಶ ಒಂದೇ ಕ್ಷಣಕ್ಕೆ ಹೊರಟವು ಅನ್ನಿ. ಪ್ಯಾಕಿಂಗ್ ಮಷೀನಿನಲ್ಲಿ ಮೋಟಾರು ನಡೆಸುವ 1ನೇ ಮತ್ತು 3ನೇ ಡ್ರೈವುಗಳು ತಮ್ಮ ಸ್ಥಾನ ತಿಳಿಸುತ್ತಿವೆ, 5ನೆಯದು ತುರ್ತು ದೋಷ ಹೇಳುತ್ತಿದೆ. ಕ್ಯಾನ್‌ಓಪನ್ ಪದ್ಧತಿಯಲ್ಲಿ ಅವುಗಳ ಐಡಿ ಹೀಗಿರುತ್ತವೆ:

```
0x085   0 0 0 1 0 0 0 0 1 0 1
0x181   0 0 1 1 0 0 0 0 0 0 1
0x183   0 0 1 1 0 0 0 0 0 1 1
```

ಪ್ರತಿಯೊಂದೂ ಬಿಟ್ ಕಳಿಸುತ್ತಲೇ ತಂತಿಯನ್ನು ಓದುತ್ತಿರುತ್ತದೆ. ಮೊದಲೆರಡು ಬಿಟ್ ಮೂವರದೂ ಒಂದೇ, ಯಾರಿಗೂ ಇನ್ನೊಬ್ಬರಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ. ಮೂರನೆಯದರಲ್ಲಿ 1 ಮತ್ತು 3ನೇ ಡ್ರೈವ್ ತಂತಿಯನ್ನು ಬಿಟ್ಟಿವೆ, ಆದರೆ ಓದಿದರೆ 0 ಕಾಣುತ್ತದೆ. ಅಲ್ಲಿಗೇ ಅವೆರಡೂ ಕಳಿಸುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳಲು ಕೂರುತ್ತವೆ. 5ನೇ ಡ್ರೈವಿನ ಸಂದೇಶಕ್ಕೆ ಒಂದು ಬಿಟ್ಟೂ ಕೆಡಲಿಲ್ಲ, ತನ್ನ ಜೊತೆ ಬೇರೆಯವರು ಹೊರಟಿದ್ದರು ಅನ್ನುವುದು ಕೂಡ ಅದಕ್ಕೆ ತಿಳಿಯಲಿಲ್ಲ. ಅದು ಮುಗಿದ ಮೇಲೆ ಉಳಿದೆರಡು ಮತ್ತೆ ಒಟ್ಟಿಗೆ ಹೊರಡುತ್ತವೆ, ಹತ್ತನೇ ಬಿಟ್ಟಿಗೆ 3ನೆಯದು ಸರಿಯುತ್ತದೆ. ಐಡಿ ಚಿಕ್ಕದಿದ್ದಷ್ಟೂ ಮುಂದೆ.

ನಿವೃತ್ತ ಕನ್ನಡ ಅಧ್ಯಾಪಕರು, ಗದಗ

ಓದಿ ಖುಷಿಯಾಯಿತು. ನಮ್ಮ ಕಡೆ ‘ಪಾಳಿ’ ಎನ್ನುವ ಪದ ದಿನನಿತ್ಯದ್ದು. ‘ಪಾಳಿ ಹಚ್ಚು’, ‘ನನ್ನ ಪಾಳಿ ಬಂತು’. ಸಂದೇಶಗಳು ಪಾಳಿ ಹಚ್ಚಿ ಹೋಗುತ್ತವೆ ಎಂದರೆ ಸಾಕಲ್ಲ? ‘ಪಾಳಿ ನಿರ್ಣಯ’ ಎಂದು ಪಾರಿಭಾಷಿಕವಾಗಿಯೂ ಬಳಸಬಹುದು.

ಮೆಂಟೆನೆನ್ಸ್ ಎಂಜಿನಿಯರ್, ಹುಬ್ಬಳ್ಳಿ

ಸರ್, ‘ಪಾಳಿ’ ಚೆಂದದ ಪದ, ಆದರೆ ಇಲ್ಲಿ ದಾರಿ ತಪ್ಪಿಸುತ್ತದೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಗಾಡಿ ಪಾಳಿ ಹಚ್ಚಿದರೆ ಮೊದಲು ಬಂದವನು ಮೊದಲು ಒಳಗೆ ಹೋಗುತ್ತಾನೆ. ಇಲ್ಲಿ ಎಷ್ಟು ಹೊತ್ತು ಕಾದರೂ ಅದಕ್ಕೆ ಬೆಲೆಯಿಲ್ಲ. ಚಿಕ್ಕ ಐಡಿಯವು ಬಿಡುವಿಲ್ಲದೆ ಬರುತ್ತಿದ್ದರೆ ದೊಡ್ಡ ಐಡಿಯದು ಕಾಯುತ್ತಲೇ ಇರುತ್ತದೆ. ಅದಕ್ಕೇ ಬಸ್ಸನ್ನು ತುಂಬಿಸಬಾರದು ಅನ್ನುವುದು. ಇನ್ನೊಂದು ಕಡೆ, ಒಮ್ಮೆ ಗೆದ್ದು ಹೊರಟ ಸಂದೇಶವನ್ನು ಎಂಥ ತುರ್ತಿನದೂ ನಡುವೆ ತಡೆಯುವಂತಿಲ್ಲ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ 8 ಬೈಟಿನ ಒಂದು ಸಾಮಾನ್ಯ ಫ್ರೇಮಿಗೆ ಸುಮಾರು ಕಾಲು ಮಿಲಿಸೆಕೆಂಡ್ ಹಿಡಿಯುತ್ತದೆ. ಎಲ್ಲಕ್ಕಿಂತ ಚಿಕ್ಕ ಐಡಿಯ ತುರ್ತು ಸಂದೇಶ ಕಾಯಬೇಕಾದದ್ದು ಹೆಚ್ಚೆಂದರೆ ಅಷ್ಟು. ಬ್ರೇಕಿಗೂ ಸರ್ವೋ ಮೋಟಾರಿಗೂ ಬೇಕಾದದ್ದು ಈ ಖಾತ್ರಿಯೇ. ಬಾಷ್ ಕಂಪನಿ 1986ರಲ್ಲಿ ಇದನ್ನು ಕಾರುಗಳಿಗೆಂದು ಹೊರತಂದಿದ್ದು, ಕಾರ್ಖಾನೆಯವರು ಆಮೇಲೆ ಎತ್ತಿಕೊಂಡದ್ದು.

ನನ್ನ ಸಲಹೆ ‘ಹಾದಿ ಬಿಡು’. ಸೋತವನು ತಾನಾಗಿ ಸರಿಯುತ್ತಾನೆ ಅನ್ನುವುದು ಅದರಲ್ಲೇ ಇದೆ.

ಟ್ರ್ಯಾಕ್ಟರ್ ಮೆಕ್ಯಾನಿಕ್, ಹಾವೇರಿ

ನಮಸ್ಕಾರ್ರಿ. ಪದದ ವಿಚಾರ ನೀವು ದೊಡ್ಡವರು ನೋಡ್ಕೊಳ್ರಿ, ನನ್ನದೊಂದು ಕೇಳೂದೈತಿ. ಒಂದು ಟ್ರ್ಯಾಕ್ಟರ್ ಬಂದೈತಿ. ನಿಂತಾಗ ಎಲ್ಲಾ ಸರಿ. ಹೊಲಕ್ಕ ಇಳಿದು ಜಿಗದಾಡಾಕ ಹತ್ತಿದ್ರ ಆರ್‌ಪಿಎಂ ಮುಳ್ಳು ಸೊನ್ನಿಗೆ ಬೀಳತೈತಿ, ಮತ್ತ ಏಳತೈತಿ. ಮೀಟರ್ ಐಡಿ ದೊಡ್ಡದಿದ್ದು ಅದು ಸೋಲಾಕ ಹತ್ತೈತೇನ್ರಿ? ಐಡಿ ಸಣ್ಣದು ಮಾಡಾಕ ಬರತೈತೇನು?

ಮೆಂಟೆನೆನ್ಸ್ ಎಂಜಿನಿಯರ್, ಹುಬ್ಬಳ್ಳಿ

ಅಣ್ಣಾರ, ಐಡಿ ಮೀಟರಿನದಲ್ಲ, ಸಂದೇಶದ್ದು. ಆರ್‌ಪಿಎಂ ಕಳಿಸುವುದು ಎಂಜಿನ್ ಕಂಟ್ರೋಲರ್, ಮೀಟರ್ ಬರೇ ಕೇಳುತ್ತದೆ. ಟ್ರ್ಯಾಕ್ಟರ್, ಟ್ರಕ್ಕುಗಳ ಜೆ1939 ಪದ್ಧತಿಯಲ್ಲಿ ಐಡಿ 29 ಬಿಟ್ಟಿನದು, ಮೊದಲ ಮೂರು ಬಿಟ್ ಆದ್ಯತೆಗೇ ಮೀಸಲು. ಆರ್‌ಪಿಎಂ ಸಂದೇಶ ಸ್ಕ್ರೀನಿನ ಮೇಲೆ 0x0CF00400 ಅಂತ ಕಾಣುತ್ತದೆ, ಅದರ ಆದ್ಯತೆ 3. ದೋಷದ ಕೋಡ್ ಹೇಳುವ ಸಂದೇಶದ್ದು 6. ಹಾಗಾಗಿ ಆರ್‌ಪಿಎಂ ಹಿಂದುಳಿಯುವ ಪೈಕಿ ಅಲ್ಲ. ಒಮ್ಮೆ ಸೋತರೂ ಆಗುವ ತಡ ಮುಳ್ಳಿಗೆ ಗೊತ್ತಾಗುವಷ್ಟಿರುವುದಿಲ್ಲ.

ನೀವು ವೈರಿಂಗ್ ನೋಡಿ. ಬ್ಯಾಟರಿ ತೆಗೆದು, ಎರಡೂ ಕ್ಯಾನ್ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬರಬೇಕು. ಹಾಗೇ ಹಿಡಿದುಕೊಂಡು ಹಾರ್ನೆಸ್ಸನ್ನು ಒಂದೊಂದೇ ಕಡೆ ಅಲ್ಲಾಡಿಸುತ್ತ ಹೋಗಿ.

ಐಟಿಐ ಬೋಧಕಿ, ಧಾರವಾಡ

ಸರ್, ‘ಹಾದಿ ಬಿಡು’ ಹಿಡಿಸಿತು. ಒಂದು ಸಂಶಯ: ಎರಡು ಕಡೆಯಿಂದ ಒಂದೇ ಐಡಿ ಬಂದರೆ ಯಾರು ಹಾದಿ ಬಿಡುತ್ತಾರೆ?

ಮೆಂಟೆನೆನ್ಸ್ ಎಂಜಿನಿಯರ್, ಹುಬ್ಬಳ್ಳಿ

ಯಾರೂ ಬಿಡುವುದಿಲ್ಲ, ಕೆಡುವುದು ಅಲ್ಲೇ. ಖಾರದ ಪುಡಿ ಪ್ಯಾಕ್ ಮಾಡುವ ಒಂದು ಮಷೀನಿನಲ್ಲಿ ಡ್ರೈವ್ ಬದಲಿಸಿದ್ದರು. ಹೊಸದರ ಮೇಲಿನ ಚಿಕ್ಕ ಸ್ವಿಚ್ಚುಗಳು 3ಕ್ಕೆ ಇದ್ದವು, ಲೈನಿನಲ್ಲಿ ಆಗಲೇ ಒಂದು 3 ಇತ್ತು. ಮಷೀನ್ ಆನ್ ಮಾಡಿದರೆ ಏನೂ ದೋಷ ಇಲ್ಲ, ಓಡಿಸಿದ ಕೂಡಲೇ ನಿಲ್ಲುತ್ತದೆ. ಕೇಬಲ್ ಬದಲಿಸಿದರು, ಅರ್ಥಿಂಗ್ ನೋಡಿದರು, ಏನೂ ಪ್ರಯೋಜನವಾಗಲಿಲ್ಲ.

ಅಲ್ಲಿ ಆಗುತ್ತಿದ್ದದ್ದು ಇದು. ಪಿಎಲ್‌ಸಿ ಕಳಿಸುವ ಸಿಂಕ್ ಸಂದೇಶ ಕೇಳಿದ ತಕ್ಷಣ ಡ್ರೈವುಗಳೆಲ್ಲ ಒಂದೇ ಗಳಿಗೆಗೆ ತಮ್ಮ ಸ್ಥಾನ ಹೇಳುತ್ತವೆ. 3ನೇ ನಂಬರಿನ ಎರಡೂ ಡ್ರೈವುಗಳು 0x183 ಕಳಿಸುತ್ತವೆ. ನಿಂತಾಗ ಎರಡರ ಸ್ಥಾನವೂ ಸೊನ್ನೆ. ಐಡಿ ಒಂದೇ, ಒಳಗಿನ ಮಾಹಿತಿಯೂ ಒಂದೇ ಆದ್ದರಿಂದ ಎರಡು ಫ್ರೇಮುಗಳು ಒಂದರ ಮೇಲೊಂದು ಕೂತು ಒಂದೇ ಫ್ರೇಮಿನ ಹಾಗೆ ಹೋಗಿಬಿಡುತ್ತವೆ. ಓಡಿದಾಗ ಸ್ಥಾನ ಬೇರೆಯಾಗುತ್ತದೆ. ಐಡಿ ಮುಗಿದ ಮೇಲೆ, ಮಾಹಿತಿಯ ನಡುವೆ, ಒಂದು ಡ್ರೈವ್ ಬಿಟ್ಟಲ್ಲಿ 0 ಕಾಣುತ್ತದೆ. ಐಡಿಯಲ್ಲಾದರೆ ಅದರರ್ಥ ಹಾದಿ ಬಿಡು ಅಂತ. ಮಾಹಿತಿಯಲ್ಲಾದರೆ ಅದು ದೋಷ. ಕಂಡದ್ದೇ ತಡ, ಆ ಡ್ರೈವ್ ತಂತಿಯನ್ನು ಆರು ಬಿಟ್ ಉದ್ದಕ್ಕೆ ಎಳೆದು ಫ್ರೇಮನ್ನೇ ಕೆಡಿಸುತ್ತದೆ. ಎರಡೂ ಮತ್ತೆ ಒಟ್ಟಿಗೆ ಶುರು ಮಾಡುತ್ತವೆ, ಮತ್ತೆ ಅದೇ ಕಥೆ. ಕಳಿಸುವಾಗ ಕೆಟ್ಟರೆ ಒಳಗಿನ ದೋಷದ ಎಣಿಕೆ ಪ್ರತಿ ಸಲ 8 ಏರುತ್ತದೆ, ಸರಿಯಾಗಿ ಹೋದರೆ 1 ಮಾತ್ರ ಇಳಿಯುತ್ತದೆ. 255 ದಾಟಿದ ಡ್ರೈವ್ ಬಸ್ಸಿನಿಂದ ತಾನೇ ಹೊರಗೆ ಬೀಳುತ್ತದೆ. ಹಾಳಾದ ಒಂದು ಡಬ್ಬಿ ಇಡೀ ಲೈನನ್ನು ಹಿಡಿದು ಕೂರಬಾರದು ಅಂತ ಇಟ್ಟ ವ್ಯವಸ್ಥೆ ಅದು. ಸ್ವಿಚ್ 4ಕ್ಕೆ ತಿರುಗಿಸಿ, ಪಿಎಲ್‌ಸಿಯಲ್ಲೂ ಹಾಗೇ ಬರೆದ ಮೇಲೆ ಮಷೀನ್ ಓಡಿತು.

ನಿಂತಾಗ ಸರಿ, ಓಡಿದಾಗ ದೋಷ ಅಂದರೆ ಎಲ್ಲರೂ ತಂತಿ ಸಡಿಲ ಅಂದುಕೊಳ್ಳುತ್ತಾರೆ. ಹಾವೇರಿ ಅಣ್ಣಾರ ಟ್ರ್ಯಾಕ್ಟರಿಗೆ ಅದೇ ಇರಬಹುದು, ಈ ಮಷೀನಿಗೆ ಅಲ್ಲ. ಒಂದು ಡ್ರೈವಿನ ಪ್ಲಗ್ ಕಿತ್ತಿಟ್ಟು ಉಳಿದವುಗಳ ದೋಷ ನಿಲ್ಲುತ್ತದೆಯೋ ನೋಡಿದರೆ ಯಾವುದು ಅಂತ ಬೇಗ ತಿಳಿಯುತ್ತದೆ.

ನೋಟ್ಸಿನಲ್ಲಿ ಉದ್ದದ ಮಾತೂ ಇರಲಿ. ಆ ತುದಿಯವನು ಎಳೆದದ್ದು ಈ ತುದಿಯವನಿಗೆ ಅದೇ ಬಿಟ್ ಮುಗಿಯುವುದರೊಳಗೆ ಕಾಣಬೇಕು, ಇಲ್ಲದಿದ್ದರೆ ಹಾದಿ ಬಿಡುವುದೇ ನಡೆಯುವುದಿಲ್ಲ. ಆದ್ದರಿಂದ ಸೆಕೆಂಡಿಗೆ 1 ಮೆಗಾಬಿಟ್ ವೇಗಕ್ಕೆ ಸುಮಾರು 40 ಮೀಟರ್, 125 ಕಿಲೋಬಿಟ್ಟಿಗೆ ಇಳಿಸಿದರೆ ಸುಮಾರು 500 ಮೀಟರ್. ವಾಹನ, ಮಷೀನುಗಳಿಗೆ ಅಷ್ಟು ಸಾಕು. ಊರಿಂದೂರಿಗೆ ಎಳೆಯಲು ಬರುವುದಿಲ್ಲ.

ನಿವೃತ್ತ ವಕೀಲರು, ಧಾರವಾಡ

ಮಧ್ಯಸ್ಥನಿಲ್ಲ ಎಂಬುದು ತಿಳಿಯಿತು. ಆದರೆ ‘ಹಾದಿ ಬಿಡು’ ಸೋತವನ ಕೆಲಸದ ಹೆಸರು. ಇಡೀ ಏರ್ಪಾಟಿಗೆ ಒಂದು ನಾಮಪದ ಬೇಕಲ್ಲ, ‘ಹಾದಿಬಿಡುವಿಕೆ’ ಎಂದರೆ ಕಿವಿಗೆ ಒರಟು.

ಟ್ರ್ಯಾಕ್ಟರ್ ಮೆಕ್ಯಾನಿಕ್, ಹಾವೇರಿ

ನೋಡಿದ್ನಿರಿ. 60 ಇದ್ದದ್ದು ಡ್ಯಾಶ್‌ಬೋರ್ಡ್ ಹಿಂದಿನ ಕನೆಕ್ಟರ್ ಅಲ್ಲಾಡಿಸಿದ ಕೂಡ್ಲೆ 120ಕ್ಕ ಜಿಗೀತು. ಪಿನ್ ಹಿಂದಕ್ಕ ಸರದಿತ್ತು. ಒತ್ತಿ ಕೂಡಿಸೇನಿ, ಹೊಲಕ್ಕ ಇಳಿಸಿ ನೋಡೂದು ಇನ್ನೂ ಐತಿ.

ಐಟಿಐ ಬೋಧಕಿ, ಧಾರವಾಡ

ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಆರ್ಬಿಟ್ರೇಶನ್’ ಎಂದೇ ಇಟ್ಟು, ಪಾಠದೊಳಗೆ ‘ಎಳೆದ’, ‘ಬಿಟ್ಟ’, ‘ಹಾದಿ ಬಿಡುತ್ತದೆ’ ಎಂದು ಬರೆಯುತ್ತೇನೆ. ನಾಮಪದಕ್ಕೆ ಗದಗಿನ ಸರ್ ಇನ್ನೊಂದು ಸೂಚಿಸಲಿ ಎಂದು ಕಾಯುತ್ತೇನೆ. 0x183ರ ಕಥೆಯನ್ನು ಪ್ರಾಕ್ಟಿಕಲ್ಲಿಗೆ ಹಾಕಿಕೊಂಡಿದ್ದೇನೆ, ಎರಡು ಡ್ರೈವಿಗೆ ಒಂದೇ ನಂಬರ್ ಕೊಟ್ಟು ಹುಡುಗರಿಗೆ ಹುಡುಕಲು ಬಿಡುವುದು.