ಬ್ಲೂ ದ ಶನೆಲ್ ಫೋಟೋ ಚರ್ಚೆ: ಕೋಡ್ ಹೊಂದಿದ್ರೆ ಒರಿಜಿನಲ್ಲಾ?

ಕೆಂಗೇರಿ ಕಿರಣ: ಬ್ಲೂ ದ ಶನೆಲ್ ಅನ್ನೋ ಸೆಂಟು, ಇಡಿಪಿ, 100 ಎಂಎಲ್, ಶೋರೂಮ್ ರೇಟಿನ ಅರ್ಧಕ್ಕೆ ಸಿಗ್ತಿದೆ. ಸೀಲ್ ಒಡೆಯದ ಡಬ್ಬಿ. ಮಾರೋರು ಕಳಿಸಿದ ಐದು ಫೋಟೋ ಹಾಕಿದೀನಿ: ಸೀಲು, ಡಬ್ಬಿ ತಳ, ಬಾಟ್ಲಿ ತಳ, ಕ್ಯಾಪ್, ಸ್ಪ್ರೇ. ನಾಲ್ಕಂಕಿ ಬ್ಯಾಚ್ ಕೋಡ್ ಡಬ್ಬಿ ತಳ, ಬಾಟ್ಲಿ ತಳ ಎರಡೂ ಕಡೆ ಒಂದೇ ಇದೆ. ತಗೋಬಹುದಾ?

ಹುಬ್ಬಳ್ಳಿ ಹೈದ: ಕೋಡ್ ಹೊಂದಿತಂದ್ರ ಮುಗೀತಲ್ರಿ. ಬ್ಯಾಚ್ ನೋಡೋ ಸೈಟಿನ್ಯಾಗ ಹಾಕಿದೆ, ತಯಾರಾದ ತಾರೀಕು ಬಂತು. ಡೂಪ್ಲಿಕೇಟಿಗೆ ತಾರೀಕು ಬರೂದಿಲ್ಲ. ತಗೋರಿ.

ಅತ್ತರಂಗಡಿ: ತಾರೀಕು ಬಂದಿದ್ದು ಆ ನಂಬರಿಗೆ, ಬಾಟ್ಲಿಗಲ್ಲ. ನಕಲಿ ಮಾಡೋರು ಒಂದು ಅಸಲಿ ಡಬ್ಬಿ ಕೊಂಡು, ಅದರ ಕೋಡನ್ನೇ ಸಾವಿರಾರು ಡಬ್ಬಿಗೂ ಬಾಟ್ಲಿಗೂ ಹಾಕ್ತಾರೆ. ಎರಡು ಕಡೆ ಬೇರೆ ಬೇರೆ ಇದ್ದರೆ ಅನುಮಾನ ಪಡಬೇಕು, ಸರಿ. ಒಂದೇ ಇದ್ದರೆ ಏನೂ ಸಾಬೀತಾಗಲ್ಲ. ಮೊದಲು ಕ್ಯಾಪ್ ನೋಡಿ. ಇದರ ಕ್ಯಾಪಿನಲ್ಲಿ ಅಯಸ್ಕಾಂತ ಇದೆ. ಓರೆಯಾಗಿ ಇಟ್ಟು ಕೈ ಬಿಟ್ಟರೂ ತಾನೇ ತಿರುಗಿ, ಮೇಲಿನ ಲಾಂಛನ ಬಾಟ್ಲಿಯ ಮುಂಭಾಗಕ್ಕೆ ನೇರ ಆಗತ್ತೆ. ನಾಲ್ಕನೇ ಫೋಟೋದಲ್ಲಿ ಲಾಂಛನ ಸ್ವಲ್ಪ ಎಡಕ್ಕೆ ತಿರುಗಿ ನಿಂತಿದೆ.

ಹುಬ್ಬಳ್ಳಿ ಹೈದ: "ಏನೂ ಸಾಬೀತಾಗಲ್ಲ" ಅಂತೀರಲ್ಲ, ಹಂಗಾರ ಕಂಪನಿಯವರು ಕೋಡ್ ಯಾಕ ಹಾಕ್ತಾರ?

ಅತ್ತರಂಗಡಿ: ಯಾವ ಲಾಟಿನ ಸರಕು ಅಂತ ಕಂಪನಿಗೆ ಗೊತ್ತಾಗಲಿ ಅಂತ. ದೂರು ಬಂದರೆ ಆ ಲಾಟ್ ಹುಡುಕೋಕೆ. ಕೊಳ್ಳೋರಿಗೆ ಕೊಟ್ಟ ಪ್ರಮಾಣಪತ್ರ ಅಲ್ಲ ಅದು.

ಪುತ್ತೂರು ಪ್ರಭು: ತಾರೀಕು ಹಳೇದಾಗಿದ್ರೆ ಬೇಡ ಮಾರಾಯ್ರೆ. ಹಳೇದು ಅಂದ್ರೆ ಡೂಪ್ಲಿಕೇಟೇ. ಅಂಥದ್ದು ಅಂಗಿ ಮೇಲೆ ಒಂದು ಗಂಟೆಯೂ ನಿಲ್ಲುವುದಿಲ್ಲ.

ಅತ್ತರಂಗಡಿ: ಪ್ರಭು ಅವರೇ, ಹಳೇದು ಬೇರೆ, ನಕಲಿ ಬೇರೆ. ಬಿಸಿಲು ತಾಗದೆ ಮುಚ್ಚಿಟ್ಟಿದ್ದು ವರ್ಷಗಟ್ಟಲೆ ಕೆಡಲ್ಲ. ಅವರು ಕೇಳಿದ್ದು ಎಷ್ಟು ಹೊತ್ತು ನಿಲ್ಲತ್ತೆ ಅಂತಲ್ಲ.

ಸುಮಾ ಕುಡ್ಲ: ಸೀಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿದೆ, ಎರಡೂ ತುದಿಯ ಮಡಿಕೆ ಸಮವಾಗಿದೆ, ಅಂಟು ಎಲ್ಲಿಯೂ ಉಕ್ಕಿಲ್ಲ. ಸೀಲ್ ಇಷ್ಟು ಚಂದ ಇದ್ದರೆ ಒಳಗಿನದ್ದು ಒರಿಜಿನಲ್ಲೇ. ಇಂಪೋರ್ಟರ್ ಸ್ಟಿಕ್ಕರ್ ಕಾಣುವುದಿಲ್ಲ, ಅದೊಂದು ಕೇಳಿ.

ಅತ್ತರಂಗಡಿ: ಮೇಡಂ, ಸ್ಟಿಕ್ಕರ್ ಮಾತು ಸರಿ. ಇಲ್ಲಿ ಕಾನೂನುಬದ್ಧವಾಗಿ ಆಮದಾಗಿದ್ದಕ್ಕೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು. ದುಬೈಯಿಂದ ಕೈಯಲ್ಲಿ ತಂದಿದ್ದಕ್ಕೆ ಇರಲ್ಲ. "ಇಲ್ಲಿಯ ಶೋರೂಮ್ ಮಾಲು" ಅಂತ ಹೇಳಿ ಸ್ಟಿಕ್ಕರ್ ಇಲ್ಲದಿದ್ರೆ ಆ ಮಾತು ಸುಳ್ಳು. ಆದರೆ ಆ ಹಾಳೆ ಸುತ್ತಿ ಬಿಸಿ ಮಾಡಿ ಅಂಟಿಸೋ ಮಷೀನು ಯಾರಿಗಾದ್ರೂ ಸಿಗತ್ತೆ. ಕೆಟ್ಟ ಸೀಲು ನಕಲಿ ಹಿಡಿಯೋಕೆ ಸಹಾಯ ಮಾಡತ್ತೆ, ಒಳ್ಳೆ ಸೀಲು ಅಸಲಿ ಅಂತ ಹೇಳಲ್ಲ.

ಸುಮಾ ಕುಡ್ಲ: "ಯಾರಿಗಾದ್ರೂ" ಅಂದರೆ? ಕಂಪನಿಯ ಹಾಗೆ ಮಡಿಕೆ ಮಾಡಲಿಕ್ಕೆ ಎಲ್ಲರಿಗೂ ಬರುವುದಿಲ್ಲ.

ಹುಬ್ಬಳ್ಳಿ ಹೈದ: ಸೀಲು ಬಿಡ್ರಿ ಅಕ್ಕಾರ. ಕೋಡಿಗೆ ಉತ್ತರ ಬಂದಿಲ್ಲ ಇನ್ನೂ. ಸುಳ್ಳು ನಂಬರ್ ಹಾಕಿದ್ರ ಸೈಟ್ ತಪ್ಪು ಅಂತ ತೋರಸ್ತದ, ನಾನೇ ನೋಡೀನಿ.

ಅತ್ತರಂಗಡಿ: ಇಲ್ಲದ ನಂಬರ್ ಹಾಕಿದ್ರೆ ತೋರಿಸತ್ತೆ. ಕದ್ದ ನಂಬರ್ ಇದ್ದೇ ಇರೋ ನಂಬರ್, ಅದನ್ನ ಹೆಂಗೆ ತಪ್ಪು ಅನ್ನತ್ತೆ? ನಂಬರಿಗಿಂತ ಅದನ್ನ ಒತ್ತಿರೋ ರೀತಿ ನೋಡಿ. ಡಬ್ಬಿ ತಳಕ್ಕೆ ಪಕ್ಕದಿಂದ ಬೆಳಕು ಬಿಟ್ಟು ಓರೆಯಾಗಿ ತೆಗೆದ ಫೋಟೋ ಬೇಕು. ಅಸಲಿ ಡಬ್ಬಿಯಲ್ಲಿ ಕಾಗದದೊಳಕ್ಕೆ ಒತ್ತಿದ ಅಂಕಿಯ ಅಂಚಲ್ಲಿ ನೆರಳು ಬೀಳತ್ತೆ. ಶಾಯಿಯಲ್ಲಿ ಅಚ್ಚು ಹಾಕಿದ್ರೆ ಬೀಳಲ್ಲ. ನೇರ ಫ್ಲ್ಯಾಶ್ ಹೊಡೆದ ಈ ಫೋಟೋದಲ್ಲಿ ಎರಡೂ ಒಂದೇ ಥರ ಕಾಣತ್ತೆ.

ಹುಬ್ಬಳ್ಳಿ ಹೈದ: ಅಂದ್ರ ಫೋಟೋ ಸರಿ ಇಲ್ಲ, ಕೋಡ್ ಸರಿ ಐತಿ. ನಾ ಹೇಳಿದ್ದೂ ಅದನ್ನ.

ಬಳ್ಳಾರಿ ಬಷೀರ್: ಸ್ಪ್ರೇ ನಳಿಗೆ ನೋಡ್ರಿ. ಅಸಲಿದು ಸಣ್ಣದಿರತ್ತೆ, ತಳದ ಮೂಲೆವರೆಗೂ ಹೋಗತ್ತೆ. ನಕಲಿದು ದಪ್ಪ, ಉದ್ದ ಹೆಚ್ಚಾಗಿ ಬಾಗಿರತ್ತೆ.

ಅತ್ತರಂಗಡಿ: ಸರಿ ಬಷೀರ್ ಭಾಯ್. ಆದರೆ ಈ ಗಾಜು ತುಂಬಾ ಕಪ್ಪು, ಹಿಂದಿಂದ ಮೊಬೈಲ್ ಟಾರ್ಚ್ ಹಿಡಿಯದೆ ನಳಿಗೆ ಕಾಣಲ್ಲ. ಐದನೇ ಫೋಟೋದಲ್ಲಿ ಸ್ಪ್ರೇ ಕೆಳಗಿನ ಲೋಹದ ಪಟ್ಟಿಯಾದ್ರೂ ಕಾಣತ್ತೆ: ಒಂದು ಕಡೆ ಗಾಜಿಗೆ ಕೂತಿದೆ, ಇನ್ನೊಂದು ಕಡೆ ಎದ್ದಿದೆ. ಅದು ಸುತ್ತಲೂ ಸಮ ಇರಬೇಕು. ಅಸಲಿ ಖಾಲಿ ಬಾಟ್ಲಿ ಬಿಚ್ಚಿ ಬೇರೆ ತುಂಬಿಸಿದ್ರೂ ಅಲ್ಲೇ ಗೀರು ಬಿದ್ದಿರತ್ತೆ.

ಬಳ್ಳಾರಿ ಬಷೀರ್: ಅದಿರ್ಲಿ, ಇನ್ನೊಂದು ಮಾತು. ಡಬ್ಬಿ ಸೀಲ್ ಒಡೆದಿಲ್ಲ ಅಂತಾರೆ. ಹಂಗಿದ್ರೆ ಬಾಟ್ಲಿ ತಳ, ಕ್ಯಾಪ್, ಸ್ಪ್ರೇ ಫೋಟೋ ಎಲ್ಲಿಂದ ಬಂತು?

ಕೆಂಗೇರಿ ಕಿರಣ: ಕೇಳಿದೆ. "ಅದೇ ಲಾಟಿನ ಇನ್ನೊಂದು ಪೀಸು" ಅಂದ್ರು.

ಅತ್ತರಂಗಡಿ: ಹಾಗಾದ್ರೆ ಈ ಡಬ್ಬಿಯ ಕೋಡು ಹೊಂದಿರೋದು ಬೇರೆ ಬಾಟ್ಲಿಗೆ. ನಿಮಗೆ ಬರೋ ಬಾಟ್ಲಿಯನ್ನ ಇಲ್ಲಿ ಯಾರೂ ನೋಡೇ ಇಲ್ಲ. ಅವರ ಮುಂದೆ ಸೀಲ್ ಒಡೆಸಿ. ಕ್ಯಾಪ್ ಓರೆಯಾಗಿಟ್ಟು ಕೈ ಬಿಡಿ, ಕಪ್ಪು ಬಟ್ಟೆ ಮುಂದೆ ಒಂದು ಸಲ ಸ್ಪ್ರೇ ಮಾಡಿ. ಮಂಜಿನ ಹಾಗೆ ಹರಡಬೇಕು, ಹನಿ ಹನಿಯಾಗಿ ಚಿಮ್ಮಬಾರದು.

ಹುಬ್ಬಳ್ಳಿ ಹೈದ: ಒಂದ ಲಾಟು ಅಂದಮ್ಯಾಲೆ ಕೋಡ್ ಒಂದ ಇರತದ. ಇದರಾಗ ತಪ್ಪೇನೈತಿ?

ಸುಮಾ ಕುಡ್ಲ: ಸೀಲ್ ಒಡೆದ ಮೇಲೆ ಬೇಡ ಅಂದರೆ ಅವರು ವಾಪಸ್ ತಗೊಳ್ತಾರಾ? ಅದು ಮೊದಲು ಕೇಳಿ.

ಕೆಂಗೇರಿ ಕಿರಣ: ಕೇಳಾಯ್ತು. ಒಡೆದ್ರೆ ನೀವೇ ತಗೋಬೇಕು ಅಂತಿದಾರೆ.